ವೇದಿಕೆಯ ಮೇಲಿನ ತೊಂಬತ್ತು ಸೆಕೆಂಡು: ಯುವ ಉದ್ಯಮಿಯನ್ನು ಪರಿಚಯಿಸುವ ಬಗೆ

ನಮ್ಮ ಕಲಬುರಗಿಯ ಕಾಲೇಜುಗಳಲ್ಲಿ ಸಭೆ ಎಂದರೆ ಅದಕ್ಕೊಂದು ಕ್ರಮವಿದೆ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗಿಸುವುದು, ಆಮೇಲೆ ಅತಿಥಿಗಳ ಪರಿಚಯ. ಪರಿಚಯಿಸುವವರ ಕೈಯಲ್ಲಿ ಒಂದು ಹಾಳೆ ಇರುತ್ತದೆ. ಹುಟ್ಟಿದ ಊರು, ತಂದೆ ತಾಯಿ, ಓದಿದ ಶಾಲೆ, ಪಡೆದ ಪದವಿ, ಬಂದ ಪ್ರಶಸ್ತಿ, ಕೊನೆಗೆ ‘ಇಂತಹ ಸಾಧಕರು ನಮ್ಮ ನಡುವೆ ಇರುವುದು ನಮ್ಮ ಸೌಭಾಗ್ಯ’. ಚಪ್ಪಾಳೆ, ಶಾಲು, ಹಾರ. ಸನ್ಮಾನದ ಸಭೆಗೆ ಇದು ಸರಿಯಾದ ಕ್ರಮವೇ. ಅಲ್ಲಿ ಬಂದವರು ಸಾಧಿಸಿ ಬಂದವರು. ಅವರು ನಮ್ಮಿಂದ ಏನನ್ನೂ ಕೇಳುವುದಿಲ್ಲ.

ಸ್ಟಾರ್ಟ್‌ಅಪ್ ಪಿಚ್ ಕಾರ್ಯಕ್ರಮಕ್ಕೂ ನಾವು ಅದೇ ಹಾಳೆಯನ್ನು ಹಿಡಿದುಕೊಂಡು ಹೋಗುತ್ತೇವೆ. ತೊಂದರೆ ಅಲ್ಲಿಂದಲೇ ಶುರುವಾಗುತ್ತದೆ. ವೇದಿಕೆಗೆ ಬರುವ ಇಪ್ಪತ್ತೈದು ವರ್ಷದ ಉದ್ಯಮಿ ಇನ್ನೂ ಸಾಧಿಸಿದವರಲ್ಲ. ಒಂದು ಕೆಲಸವನ್ನು ಕೈಗೆತ್ತಿಕೊಂಡು ಅದಕ್ಕೆ ಹಣ ಕೇಳಲು ಬಂದವರು. ಮುಂದಿನ ಸಾಲಿನಲ್ಲಿ ಕುಳಿತ ಹೂಡಿಕೆದಾರರು ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಬಂದಿರುತ್ತಾರೆ ಮತ್ತು ಪ್ರತಿಯೊಂದು ಮಾತನ್ನೂ ತೂಗಿ ನೋಡುತ್ತಿರುತ್ತಾರೆ. ಹಿಂದಿನ ಸಾಲುಗಳಲ್ಲಿ ಮುನ್ನೂರು ವಿದ್ಯಾರ್ಥಿಗಳು, ಇವರು ಇದನ್ನು ಹೇಗೆ ಮಾಡಿದರು ಎಂದು ತಿಳಿಯಲು ಕಾದಿರುತ್ತಾರೆ. ಈ ಇಬ್ಬರ ನಡುವೆ ನಿಂತು ಪರಿಚಯಿಸುವವರು ಆಡುವ ಒಂದೂವರೆ ನಿಮಿಷದ ಮಾತು ಉದ್ಯಮಿಗೆ ಬಲವಾಗಬಹುದು, ಹೊರೆಯೂ ಆಗಬಹುದು.

ಹೊರೆಯಾಗುವುದು ಹೇಗೆ ಎಂಬುದನ್ನು ನಾನು ನನ್ನ ತಪ್ಪಿನಿಂದಲೇ ಕಲಿತೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಅದನ್ನು ಇಲ್ಲಿ ಹೇಳುತ್ತೇನೆ.

ಆಳಂದ ತಾಲ್ಲೂಕಿನ ಒಬ್ಬ ಯುವತಿ. ಇಲ್ಲಿಯೇ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಪುಣೆಯಲ್ಲಿ ಎರಡು ವರ್ಷ ದುಡಿದು, ಊರಿಗೆ ಮರಳಿ ದಾಲ್ ಮಿಲ್‌ಗಳಿಗಾಗಿ ಕಾಳು ಒಣಗಿಸುವ ಯಂತ್ರವೊಂದನ್ನು ಮಾಡಿದ್ದರು. ಈ ಯಂತ್ರ ಏಕೆ ಬೇಕು ಎಂಬುದು ತೊಗರಿಯ ಸ್ವಭಾವದಲ್ಲಿಯೇ ಇದೆ. ತೊಗರಿಯ ಸಿಪ್ಪೆ ಒಳಗಿನ ಬೇಳೆಗೆ ಒಂದು ಬಗೆಯ ಅಂಟಿನಿಂದ ಬಿಗಿಯಾಗಿ ಹತ್ತಿಕೊಂಡಿರುತ್ತದೆ. ಅದನ್ನು ಸಡಿಲಿಸಲು ಮಿಲ್‌ನವರು ಮೊದಲು ಕಾಳನ್ನು ರೋಲರ್‌ಗೆ ಕೊಟ್ಟು ಸಿಪ್ಪೆಯ ಮೇಲೆ ಗೀರು ಬೀಳಿಸುತ್ತಾರೆ, ಎಣ್ಣೆ ಸವರುತ್ತಾರೆ, ಅಂಗಳದಲ್ಲಿ ಬಿಸಿಲಿಗೆ ಹರಡುತ್ತಾರೆ. ಸಂಜೆ ರಾಶಿ ಮಾಡಿ ಮುಚ್ಚುತ್ತಾರೆ, ಬೆಳಗ್ಗೆ ಮತ್ತೆ ಹರಡುತ್ತಾರೆ. ಹೀಗೆ ಎರಡು ಮೂರು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು. ನಡುವೆ ಮೋಡ ಕವಿದರೆ ತಾಡಪತ್ರಿ ಹೊದಿಸಿ ಕಾಯುವುದೊಂದೇ ದಾರಿ. ಆಕೆಯ ಯಂತ್ರ ಬಿಸಿಗಾಳಿಯಿಂದ ಐದು ಕ್ವಿಂಟಲ್ ಕಾಳನ್ನು ಒಂದು ಹಗಲಿನಲ್ಲಿ ಒಣಗಿಸುತ್ತಿತ್ತು.

ಕಾರ್ಯಕ್ರಮದ ದಿನ ನಾನು ಉತ್ಸಾಹದಿಂದ ಪರಿಚಯಿಸಿದೆ. ‘ಈಗಾಗಲೇ ಮೂರು ಮಿಲ್‌ಗಳು ಇವರ ಯಂತ್ರವನ್ನು ಖರೀದಿಸಿವೆ’ ಎಂದೆ. ಮೂರು ಮಿಲ್‌ಗಳಲ್ಲಿ ಯಂತ್ರ ಇದೆ ಎಂದು ಆಕೆ ನನಗೆ ಫೋನಿನಲ್ಲಿ ಹೇಳಿದ್ದರು. ನಾನು ಅದನ್ನು ಖರೀದಿ ಎಂದುಕೊಂಡೆ. ಸಭೆ ಚಪ್ಪಾಳೆ ತಟ್ಟಿತು. ಆಕೆಯ ಮುಖ ಒಂದು ಕ್ಷಣ ಬಿಗಿಯಾದದ್ದನ್ನು ನಾನು ನೋಡಿದೆ, ಏಕೆಂದು ಆಗ ಹೊಳೆಯಲಿಲ್ಲ. ಪಿಚ್ ಮುಗಿದ ಮೇಲೆ ಮುಂದಿನ ಸಾಲಿನ ಹಿರಿಯರೊಬ್ಬರು ಕೇಳಿದ ಮೊದಲ ಪ್ರಶ್ನೆ, ‘ಮೂರೂ ಮಿಲ್‌ಗಳಿಂದ ಪೂರ್ತಿ ಹಣ ಬಂದಿದೆಯೇನಮ್ಮ?’

ನಿಜಾಂಶ ಹೀಗಿತ್ತು. ಒಂದು ಯಂತ್ರ ಪೂರ್ತಿ ಹಣಕ್ಕೆ ಮಾರಾಟವಾಗಿತ್ತು. ಎರಡನೆಯದಕ್ಕೆ ಅರ್ಧ ಮುಂಗಡ ಬಂದಿತ್ತು. ಮೂರನೆಯದನ್ನು ಹಣ ಪಡೆಯದೆ ಎರಡು ತಿಂಗಳ ಪರೀಕ್ಷೆಗೆಂದು ಇಟ್ಟಿದ್ದರು. ಈಗ ಆಕೆಯ ಮುಂದೆ ಎರಡೇ ದಾರಿ: ತನ್ನ ಗುರುವಿನ ಮಾತು ತಪ್ಪೆಂದು ತುಂಬಿದ ಸಭೆಯಲ್ಲಿ ಹೇಳುವುದು, ಇಲ್ಲವೇ ಸುಳ್ಳಿಗೆ ತಲೆಯಾಡಿಸುವುದು. ಆಕೆ ಧೈರ್ಯವಂತೆ. ‘ಸರ್ ಪ್ರೀತಿಯಿಂದ ಹೇಳಿದರು. ಪೂರ್ತಿ ಹಣ ಬಂದಿರುವುದು ಒಂದಕ್ಕೆ ಮಾತ್ರ’ ಎಂದು ಉಳಿದೆರಡನ್ನೂ ಬಿಡಿಸಿ ಹೇಳಿದರು. ಆದರೆ ತನ್ನ ಯಂತ್ರದ ಬಗ್ಗೆ ಮಾತಾಡಬೇಕಿದ್ದ ಆ ನಾಲ್ಕೈದು ನಿಮಿಷಗಳು ನನ್ನ ಮಾತನ್ನು ತಿದ್ದುವುದರಲ್ಲಿ ಕಳೆದುಹೋದವು. ಒಂದು ಮಾರಾಟ, ಒಂದು ಮುಂಗಡ, ಒಂದು ಪರೀಕ್ಷೆ ಎಂಬುದು ಹೊಸ ಉದ್ಯಮಕ್ಕೆ ಗೌರವದ ಲೆಕ್ಕ. ಮೂರು ಎಂದು ಕೇಳಿದ ಕಿವಿಗೆ ಮಾತ್ರ ಅದು ಮೂರರಿಂದ ಒಂದಕ್ಕೆ ಇಳಿದಂತೆ ಕೇಳಿಸಿತು. ಆಕೆಯ ಒಳ್ಳೆಯ ಸುದ್ದಿಯನ್ನು ಕೆಟ್ಟ ಸುದ್ದಿಯಾಗಿ ಮಾಡಿದವನು ನಾನು.

ಅಂದಿನಿಂದ ನಾನು ಪರಿಚಯವನ್ನು ಹೊಗಳಿಕೆ ಎಂದು ನೋಡುವುದನ್ನು ಬಿಟ್ಟು ಸಾಕ್ಷಿ ಎಂದು ನೋಡುತ್ತೇನೆ. ತನ್ನ ಯಂತ್ರ ಚೆನ್ನಾಗಿದೆ ಎಂದು ಉದ್ಯಮಿ ತಾನೇ ಹೇಳಬಲ್ಲರು, ಅದಕ್ಕೆ ನಾವು ಬೇಕಿಲ್ಲ. ‘ನಾನು ಮಿಲ್‌ಗೆ ಹೋಗಿ ಯಂತ್ರ ಓಡುವುದನ್ನು ಕಣ್ಣಾರೆ ನೋಡಿದೆ’ ಎಂಬ ಮಾತನ್ನು ಮಾತ್ರ ಅವರು ತಮ್ಮ ಪರವಾಗಿ ತಾವೇ ಹೇಳಲಾರರು. ಆ ಮಾತನ್ನು ಹೇಳುವುದಕ್ಕಾಗಿಯೇ ಬೇರೊಬ್ಬರು ವೇದಿಕೆ ಹತ್ತುವುದು. ಹೂಡಿಕೆದಾರರಿಗೂ ಬೇಕಾದದ್ದು ಅದೇ, ಏಕೆಂದರೆ ಅವರು ದಿನವಿಡೀ ಕೇಳುವುದು ಉದ್ಯಮಿಗಳು ತಮ್ಮ ಬಗ್ಗೆ ತಾವೇ ಆಡುವ ಮಾತುಗಳನ್ನು. ಒಬ್ಬ ಹೊರಗಿನವರು ಕಂಡದ್ದನ್ನು ಕಂಡಷ್ಟೇ ಹೇಳಿದರೆ ಆಮೇಲೆ ಬರುವ ಪಿಚ್‌ನ ಮೇಲೆಯೂ ಸ್ವಲ್ಪ ನಂಬಿಕೆ ಹುಟ್ಟುತ್ತದೆ.

ಸಾಕ್ಷಿ ಹೇಳಬೇಕಾದರೆ ಮೊದಲು ನೋಡಬೇಕು. ಕಾರ್ಯಕ್ರಮಕ್ಕೆ ಒಂದು ವಾರ ಮುಂಚೆ ಉದ್ಯಮಿಯ ಜೊತೆ ಅರ್ಧ ಗಂಟೆ ಕುಳಿತುಕೊಳ್ಳುತ್ತೇನೆ, ಸಾಧ್ಯವಾದರೆ ಕೆಲಸ ನಡೆಯುವ ಜಾಗದಲ್ಲಿಯೇ. ಕಪನೂರು ಕೈಗಾರಿಕಾ ಪ್ರದೇಶದ ಮಿಲ್‌ನ ಅಂಗಳದಲ್ಲಿ ನಿಂತು ಕಾಳನ್ನು ಕೈಯಲ್ಲಿ ಹಿಡಿದು ನೋಡಿದವರ ಪರಿಚಯಕ್ಕೂ, ಮೊಬೈಲ್‌ನಲ್ಲಿ ಬಂದ ಬಯೋಡೇಟಾ ಓದಿದವರ ಪರಿಚಯಕ್ಕೂ ಇರುವ ವ್ಯತ್ಯಾಸ ಮೊದಲ ವಾಕ್ಯದಲ್ಲಿಯೇ ಗೊತ್ತಾಗುತ್ತದೆ. ಅಲ್ಲಿ ನಾನು ಕೇಳುವ ಮುಖ್ಯ ಪ್ರಶ್ನೆ ಮಾರಾಟದ್ದು. ‘ಎಷ್ಟು ಜನ ಬಳಸುತ್ತಿದ್ದಾರೆ’ ಎಂದಷ್ಟೇ ಕೇಳಿದರೆ ಸಾಲದು. ಎಷ್ಟು ಜನ ಪೂರ್ತಿ ಹಣ ಕೊಟ್ಟರು, ಎಷ್ಟು ಜನ ಮುಂಗಡ ಕೊಟ್ಟರು, ಎಷ್ಟು ಜನರ ಬಳಿ ಸುಮ್ಮನೆ ಇಟ್ಟಿದೆ, ಎಷ್ಟು ಜನ ಬಾಯಿಮಾತಿನಲ್ಲಿ ‘ನೋಡೋಣ’ ಎಂದಿದ್ದಾರೆ ಎಂದು ನಾಲ್ಕನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು. ನಾಲ್ಕನೆಯದನ್ನು ವೇದಿಕೆಯ ಮೇಲೆ ಹೇಳುವ ಹಾಗೆಯೇ ಇಲ್ಲ.

ಹಣದ ವಿಷಯದಲ್ಲಿಯೂ ಇಂತಹದೇ ಗೊಂದಲ ಬರುತ್ತದೆ. ನಮ್ಮಲ್ಲಿ ಯಾವ ಹಣ ಬಂದರೂ ‘ಫಂಡಿಂಗ್ ಬಂದಿದೆ’ ಎನ್ನುವ ರೂಢಿ ಬೆಳೆದಿದೆ. ಹೂಡಿಕೆದಾರರ ಕಿವಿಗೆ ಆ ಮಾತಿನ ಅರ್ಥ ಒಂದೇ: ಯಾರೋ ಈಗಾಗಲೇ ಈ ಕಂಪನಿಯ ಪಾಲು ಪಡೆದು ಹಣ ಹಾಕಿದ್ದಾರೆ. ಆದರೆ ಬಂದದ್ದು ರಾಜ್ಯ ಸರ್ಕಾರದ ‘ಎಲಿವೇಟ್’ ಯೋಜನೆಯ ಹಣವಾಗಿದ್ದರೆ ಅದು ಅನುದಾನ. ಅದಕ್ಕೆ ಕಂಪನಿಯ ಪಾಲು ಕೊಡಬೇಕಿಲ್ಲ. ಬ್ಯಾಂಕಿನಿಂದ ಬಂದಿದ್ದರೆ ಅದು ಸಾಲ, ತೀರಿಸಬೇಕಾದದ್ದು. ಕಾಲೇಜಿನ ಸ್ಪರ್ಧೆಯಲ್ಲಿ ಗೆದ್ದದ್ದು ಬಹುಮಾನ. ಹಾಗೆಯೇ ‘ಸ್ಟಾರ್ಟ್‌ಅಪ್ ಇಂಡಿಯಾ’ ಅಡಿಯಲ್ಲಿ ಕೇಂದ್ರ ಸರ್ಕಾರದ ಇಲಾಖೆ ಕೊಡುವ ಮಾನ್ಯತೆ ಎಂದರೆ ಆ ಕಂಪನಿ ಸ್ಟಾರ್ಟ್‌ಅಪ್ ಎಂಬ ವರ್ಗಕ್ಕೆ ಸೇರುತ್ತದೆ ಎಂದಷ್ಟೇ. ಅದನ್ನು ‘ಸರ್ಕಾರವೇ ಮೆಚ್ಚಿದ ಯಂತ್ರ’ ಎಂದು ಹೇಳಿದರೆ ಗೊತ್ತಿದ್ದವರು ಆ ಕ್ಷಣವೇ ಉಳಿದ ಮಾತುಗಳನ್ನೂ ಅನುಮಾನಿಸಲು ತೊಡಗುತ್ತಾರೆ. ಅನುದಾನವನ್ನು ಅನುದಾನ ಎಂದೇ ಹೇಳಿದರೆ ಉದ್ಯಮಿಯ ಗೌರವಕ್ಕೇನೂ ಕುಂದಿಲ್ಲ.

ಇನ್ನೆರಡು ಸಂಗತಿಗಳು ಇದಕ್ಕಿಂತ ಗಂಭೀರ, ಏಕೆಂದರೆ ಅಲ್ಲಿ ಪರಿಚಯಿಸುವವರ ಒಂದು ಮಾತು ಕಾನೂನಿನ ತೊಡಕಾಗಬಹುದು.

ಮೊದಲನೆಯದು ಪೇಟೆಂಟ್. ನಮ್ಮ ದೇಶದ 1970ರ ಪೇಟೆಂಟ್ ಕಾಯ್ದೆಯ ಪ್ರಕಾರ ಪೇಟೆಂಟ್ ಸಿಗಬೇಕಾದರೆ ಆವಿಷ್ಕಾರ ಹೊಸದಾಗಿರಬೇಕು, ಅಂದರೆ ಅರ್ಜಿ ಹಾಕುವ ಮೊದಲೇ ಅದು ಲೋಕಕ್ಕೆ ತಿಳಿದಿರಬಾರದು. ತಾವೇ ಸಭೆಯಲ್ಲಿ ಬಿಡಿಸಿ ಹೇಳಿದರೂ ಅದು ಲೋಕಕ್ಕೆ ತಿಳಿದಂತೆಯೇ. ಸರ್ಕಾರ ಅಧಿಸೂಚಿಸಿದ ಕೆಲವು ಪ್ರದರ್ಶನಗಳಿಗೆ ವಿನಾಯಿತಿ ಇದೆ. ಕಾಲೇಜಿನ ಪಿಚ್ ಕಾರ್ಯಕ್ರಮ ಆ ವಿನಾಯಿತಿಯ ಒಳಗೆ ಬರುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ. ಈಗಂತೂ ಮುನ್ನೂರು ವಿದ್ಯಾರ್ಥಿಗಳ ಕೈಯಲ್ಲಿ ಮುನ್ನೂರು ಮೊಬೈಲ್‌ಗಳಿರುತ್ತವೆ, ಯಾರಾದರೂ ವಿಡಿಯೊ ಮಾಡುತ್ತಲೇ ಇರುತ್ತಾರೆ. ಯಂತ್ರದ ಒಳಗಿನ ಗುಟ್ಟು, ಗಾಳಿ ಎಲ್ಲಿಂದ ಎಲ್ಲಿಗೆ ತಿರುಗುತ್ತದೆ ಎಂಬಂತಹ ವಿವರ, ಪರಿಚಯದಲ್ಲಿ ಬರಲೇಬಾರದು. ಯಂತ್ರ ಏನು ಮಾಡುತ್ತದೆ ಎಂದು ಹೇಳಿ, ಹೇಗೆ ಮಾಡುತ್ತದೆ ಎಂಬುದನ್ನು ಅವರಿಗೇ ಬಿಡಿ. ಅರ್ಜಿ ಹಾಕಿದ್ದರೆ ‘ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದ್ದಾರೆ’ ಎನ್ನಬೇಕು. ‘ಪೇಟೆಂಟ್ ಪಡೆದಿದ್ದಾರೆ’ ಎಂದರೆ ಅದು ಸುಳ್ಳು. ಸಿಗದ ಪೇಟೆಂಟನ್ನು ಸಿಕ್ಕಿದೆ ಎಂದು ಬಿಂಬಿಸುವುದನ್ನು ಅದೇ ಕಾಯ್ದೆ ತಪ್ಪೆಂದು ಎಣಿಸುತ್ತದೆ. ಅರ್ಜಿಗೂ ಮಂಜೂರಾತಿಗೂ ನಡುವೆ ವರ್ಷಗಳೇ ಹಿಡಿಯಬಹುದು.

ಎರಡನೆಯದು ಷೇರು. ಪ್ರೈವೇಟ್ ಲಿಮಿಟೆಡ್ ಕಂಪನಿ ತನ್ನ ಷೇರುಗಳನ್ನು ಸಾರ್ವಜನಿಕರಿಗೆ ಮಾರುವಂತಿಲ್ಲ. 2013ರ ಕಂಪನಿ ಕಾಯ್ದೆಯ 42ನೇ ಕಲಮಿನ ಪ್ರಕಾರ ಅದು ಆಯ್ದ ಕೆಲವರಿಗೆ, ಅವರ ಹೆಸರಿಗೇ ಪತ್ರ ಕೊಟ್ಟು, ಷೇರು ನೀಡಬಹುದು. ಒಂದು ಆರ್ಥಿಕ ವರ್ಷದಲ್ಲಿ ಹೀಗೆ ಆಹ್ವಾನಿಸಬಹುದಾದವರ ಮಿತಿ ಸಾಮಾನ್ಯವಾಗಿ 200 ಜನ. ಅದಕ್ಕಾಗಿ ಜಾಹೀರಾತು ಕೊಡುವುದನ್ನೂ, ಮಾಧ್ಯಮಗಳ ಮೂಲಕ ಜನರಿಗೆ ಸಾರುವುದನ್ನೂ ಕಾಯ್ದೆ ನಿಷೇಧಿಸುತ್ತದೆ. ಆದ್ದರಿಂದ ‘ಶೇಕಡಾ ಇಷ್ಟು ಪಾಲು, ಇಷ್ಟು ಲಕ್ಷಕ್ಕೆ, ವಿದ್ಯಾರ್ಥಿಗಳೂ ತಮ್ಮ ಕೈಲಾದಷ್ಟು ಹಾಕಿ ನಮ್ಮ ಊರಿನ ಮಗಳನ್ನು ಬೆಳೆಸಿ’ ಎಂಬ ಮಾತು ಕೇಳಲು ಎಷ್ಟೇ ಅಕ್ಕರೆಯದ್ದಾದರೂ ಅದನ್ನು ಬಾಯಿಂದ ಹೊರಡಿಸಬಾರದು. ಪಾಲು, ಬೆಲೆ, ಷರತ್ತುಗಳ ಮಾತು ಸಭಾಂಗಣದ ಹೊರಗೆ, ಆಸಕ್ತಿ ತೋರಿದ ಹೂಡಿಕೆದಾರರ ಜೊತೆ, ಮುಚ್ಚಿದ ಕೋಣೆಯಲ್ಲಿ ನಡೆಯಬೇಕು. ಪತ್ರಕರ್ತರನ್ನು ಆಹ್ವಾನಿಸಿದ್ದರೆ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ವಿದ್ಯಾರ್ಥಿಗಳು ಮತ್ತು ಹೂಡಿಕೆದಾರರು ಒಂದೇ ಸಭೆಯಲ್ಲಿದ್ದಾಗ ಇಬ್ಬರಿಗೂ ಹೊಂದುವ ಮಾತು ಯಾವುದು? ನಾನು ಕಂಡುಕೊಂಡ ಹಾಗೆ ಅದು ಉದ್ಯಮಿಗೆ ಎದುರಾದ ಒಂದು ಸೋಲು. ನಮ್ಮ ಯುವತಿಯ ಮೊದಲ ಯಂತ್ರದಲ್ಲಿ ಬಿಸಿಗಾಳಿ ಕೆಳಗಿನಿಂದ ಏರುತ್ತಿತ್ತು. ಕೆಳಗಿನ ಪದರದ ಕಾಳು ಅತಿಯಾಗಿ ಒಣಗುತ್ತಿತ್ತು, ಮೇಲಿನ ಪದರ ಹಸಿಯಾಗಿಯೇ ಉಳಿಯುತ್ತಿತ್ತು. ಅತಿಯಾಗಿ ಒಣಗಿದ ಕಾಳು ಮಿಲ್‌ನಲ್ಲಿ ಒಡೆದು ನುಚ್ಚಾಗುತ್ತದೆ, ಹಸಿ ಕಾಳಿನ ಸಿಪ್ಪೆ ಬಿಡುವುದಿಲ್ಲ. ಹೀಗಾಗಿ ಎರಡೂ ಕಡೆ ನಷ್ಟ. ಮಿಲ್‌ನ ಮಾಲೀಕರು ಒಂದು ಹಿಡಿ ನುಚ್ಚನ್ನು ಅಂಗೈಯಲ್ಲಿ ಹಿಡಿದು ತೋರಿಸಿ, ‘ಇದನ್ನು ಯಾರಿಗೆ ಮಾರಲಿ, ಮಗಳೇ?’ ಎಂದು ಕೇಳಿದ್ದರಂತೆ. ಆಕೆ ಯಂತ್ರವನ್ನು ವಾಪಸ್ ತಂದು ಮತ್ತೆ ಕಟ್ಟಿದರು. ಈ ಒಂದು ಸಂಗತಿಯಲ್ಲಿ ವಿದ್ಯಾರ್ಥಿಗಳಿಗೆ ತರಗತಿಯಲ್ಲಿ ಓದಿದ ಶಾಖದ ಪಾಠ ಕಾಣುತ್ತದೆ. ಹೂಡಿಕೆದಾರರಿಗೆ ಗ್ರಾಹಕರ ದೂರನ್ನು ಕೇಳಿ ತಿದ್ದಿಕೊಳ್ಳುವ ಮನುಷ್ಯರೊಬ್ಬರು ಕಾಣುತ್ತಾರೆ. ಪ್ರಶಸ್ತಿಗಳ ಪಟ್ಟಿ ಇವೆರಡರಲ್ಲಿ ಒಂದನ್ನೂ ತೋರಿಸುವುದಿಲ್ಲ. ಆದರೆ ಸೋಲಿನ ಮಾತನ್ನು ಉದ್ಯಮಿಯ ಒಪ್ಪಿಗೆ ಇಲ್ಲದೆ ಎತ್ತಬಾರದು. ಅದನ್ನು ಪೂರ್ತಿಯಾಗಿ ಹೇಳುವ ಹಕ್ಕೂ ಅವರದ್ದೇ. ನಾವು ಬಾಗಿಲನ್ನಷ್ಟೇ ತೆರೆಯಬೇಕು.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಇದು ನನ್ನನ್ನು ಬಹಳ ಕಾಡಿದೆ. ಯುವತಿಯರನ್ನು ಪರಿಚಯಿಸುವಾಗ ‘ಹೆಣ್ಣುಮಗಳಾಗಿಯೂ ಇಷ್ಟು ಸಾಧಿಸಿದ್ದಾರೆ’ ಎನ್ನುವವರು ಇನ್ನೂ ಇದ್ದಾರೆ. ಪಕ್ಕದ ಯುವಕನ ಯಂತ್ರವನ್ನು ಯಂತ್ರವೆಂದು ತೂಗುವ ಸಭೆ ಆ ಮಾತಿನ ನಂತರ ಈಕೆಯ ಯಂತ್ರವನ್ನು ಮೆಚ್ಚುಗೆಯ ವಸ್ತುವಾಗಿ ನೋಡತೊಡಗುತ್ತದೆ. ಮೆಚ್ಚಿಕೊಂಡವರು ಚಪ್ಪಾಳೆ ತಟ್ಟಿ ಎದ್ದು ಹೋಗುತ್ತಾರೆ. ‘ನಮ್ಮ ಹಿಂದುಳಿದ ಭಾಗದಿಂದ ಬಂದವರು’ ಎಂಬ ಮಾತಿಗೂ ಇದೇ ಗತಿ. ಈ ನಾಡನ್ನು ತೊಗರಿಯ ಕಣಜ ಎನ್ನುತ್ತಾರೆ, 2019ರಲ್ಲಿ ಇಲ್ಲಿನ ತೊಗರಿ ಬೇಳೆಗೆ ಭೌಗೋಳಿಕ ಗುರುತು ಸಿಕ್ಕಿತು. ಬೇಳೆಯ ಯಂತ್ರ ಮಾಡುವವರಿಗೆ ಕಲಬುರಗಿಯಲ್ಲಿರುವುದು ಅನುಕೂಲವೇ: ಯಂತ್ರ ಕೆಟ್ಟರೆ ಅರ್ಧ ಗಂಟೆಯಲ್ಲಿ ಮಿಲ್ ತಲುಪಬಹುದು. ಊರಿನ ಬಗ್ಗೆ ಹೇಳುವುದಿದ್ದರೆ ಈ ಅನುಕೂಲವನ್ನೇ ಹೇಳಬೇಕು.

ಎರಡನೆಯ ಸಲ ಆಕೆಯನ್ನು ಪರಿಚಯಿಸುವ ಅವಕಾಶ ಸಿಕ್ಕಾಗ ನಾನು ಬರೆದುಕೊಂಡದ್ದು ಹೀಗಿತ್ತು:

‘ತೊಗರಿ ಬೇಳೆಯಾಗುವ ಮೊದಲು ಎರಡು ಮೂರು ದಿನ ಮಿಲ್‌ನ ಅಂಗಳದಲ್ಲಿ ಒಣಗಬೇಕು. ಆ ಹೊತ್ತಿಗೆ ಮಳೆ ಬಂದರೆ ಮಿಲ್ ನಿಲ್ಲುತ್ತದೆ, ಕೂಲಿಯವರ ದಿನ ಹೋಗುತ್ತದೆ. ಕಳೆದ ತಿಂಗಳು ಕಪನೂರಿನ ಒಂದು ಮಿಲ್‌ನಲ್ಲಿ, ಬೆಳಗ್ಗೆ ಯಂತ್ರಕ್ಕೆ ಹಾಕಿದ ಐದು ಕ್ವಿಂಟಲ್ ಕಾಳು ಸಂಜೆಗೆ ಒಣಗಿ ಹೊರಬಂದದ್ದನ್ನು ನಾನು ನಿಂತು ನೋಡಿದೆ. ಅದನ್ನು ಮಾಡಿದವರು ಆಳಂದ ತಾಲ್ಲೂಕಿನವರು, ಮೆಕ್ಯಾನಿಕಲ್ ಎಂಜಿನಿಯರ್. ಹದಿನಾಲ್ಕು ತಿಂಗಳಿನಿಂದ ಇದೇ ಅವರ ಪೂರ್ಣಾವಧಿಯ ಕೆಲಸ. ಇಂದಿಗೆ ಎರಡು ಯಂತ್ರಗಳು ಪೂರ್ತಿ ಹಣಕ್ಕೆ ಮಾರಾಟವಾಗಿವೆ, ಒಂದು ಪರೀಕ್ಷೆಯಲ್ಲಿದೆ. ಅವರು ನನ್ನ ವಿದ್ಯಾರ್ಥಿನಿಯಾಗಿದ್ದರು. ಅವರ ಕಂಪನಿಯಲ್ಲಿ ನನ್ನ ಹಣವಿಲ್ಲ. ವಿದ್ಯಾರ್ಥಿಗಳೇ, ಮೊದಲ ಯಂತ್ರ ಏಕೆ ವಾಪಸ್ ಬಂತು ಎಂದು ಅವರನ್ನು ಕೇಳಿ. ಹೂಡಿಕೆದಾರರು, ತೊಗರಿ ಇಲ್ಲದ ತಿಂಗಳುಗಳಲ್ಲಿ ಈ ಯಂತ್ರಕ್ಕೆ ಏನು ಕೆಲಸ ಎಂದು ಕೇಳಬಹುದು. ಉತ್ತರ ಅವರ ಬಳಿ ಇದೆ.’

ಇದರ ನಂತರ ಹೆಸರು, ಹೆಸರಿನ ನಂತರ ಮೈಕ್. ಹೆಸರನ್ನು ಕೊನೆಗೆ ಇಡುವುದಕ್ಕೆ ಕಾರಣವಿದೆ. ಮೊದಲೇ ಹೇಳಿದರೆ ಜನ ಆಗಲೇ ಚಪ್ಪಾಳೆ ತಟ್ಟುತ್ತಾರೆ, ಉದ್ಯಮಿ ಅರ್ಧ ಎದ್ದು ನಿಲ್ಲುತ್ತಾರೆ, ಉಳಿದ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಇಡೀ ಪರಿಚಯ ನೂರು ಪದಗಳೊಳಗೇ ಇದೆ. ನಿಧಾನವಾಗಿ ಓದಿದರೂ ತೊಂಬತ್ತು ಸೆಕೆಂಡಿನೊಳಗೆ ಮುಗಿಯುತ್ತದೆ. ಪಿಚ್‌ಗೆ ಕೊಡುವ ಸಮಯವೇ ಐದಾರು ನಿಮಿಷ ಇರುವಾಗ ಪರಿಚಯವೇ ನಾಲ್ಕು ನಿಮಿಷ ನುಂಗುವುದು ಅನ್ಯಾಯ. ಕನ್ನಡ ಬಾರದ ಹೂಡಿಕೆದಾರರು ಇದ್ದರೆ ಇಡೀ ಮಾತನ್ನು ಎರಡು ಸಲ ಹೇಳಬೇಕಿಲ್ಲ. ಮಾರಾಟದ ಲೆಕ್ಕದ ವಾಕ್ಯವನ್ನೂ ಹೆಸರನ್ನೂ ಇಂಗ್ಲಿಷಿನಲ್ಲಿ ಒಮ್ಮೆ ಹೇಳಿದರೆ ಸಾಕು.

ನನ್ನ ಹಣವಿಲ್ಲ ಎಂಬ ವಾಕ್ಯದ ಬಗ್ಗೆ ಕೆಲವರು ನನ್ನನ್ನು ಕೇಳಿದ್ದಾರೆ, ಅದು ಬೇಕಿತ್ತೇ ಎಂದು. ಬೇಕೇ ಬೇಕು. ಪರಿಚಯಿಸುವವರು ಗುರುವೇ, ಬಂಧುವೇ, ಪಾಲುದಾರರೇ ಎಂಬುದು ತಿಳಿಯದೆ ಅವರ ಸಾಕ್ಷಿಗೆ ತೂಕ ಬರುವುದಿಲ್ಲ. ಹಣ ಹಾಕಿದ್ದರೂ ನಾಚಬೇಕಿಲ್ಲ, ‘ನಾನೂ ಹಣ ಹಾಕಿದ್ದೇನೆ’ ಎಂದು ಬಾಯಿಬಿಟ್ಟು ಹೇಳಬೇಕು. ಮುಚ್ಚಿಟ್ಟದ್ದು ಆಮೇಲೆ ಹೊರಬಿದ್ದರೆ ಅದರ ಕಳಂಕ ಅಂಟುವುದು ಉದ್ಯಮಿಗೆ.

ಬರೆದುಕೊಂಡದ್ದನ್ನು ಹಿಂದಿನ ದಿನ ಅವರಿಗೆ ಓದಿ ಹೇಳುತ್ತೇನೆ. ಕಳುಹಿಸಿದರೆ ಓದದೆಯೇ ‘ಸರಿ ಸರ್’ ಎಂದುಬಿಡುತ್ತಾರೆ. ಹಿರಿಯರು ಬರೆದದ್ದನ್ನು ತಿದ್ದಲು ನಮ್ಮ ಮಕ್ಕಳಿಗೆ ಸಂಕೋಚ. ಎದುರಿಗೆ ಕುಳಿತು ಓದಿದರೆ ಮುಖದಲ್ಲಿಯೇ ತಿಳಿಯುತ್ತದೆ. ಎರಡನೆಯ ಸಲ ಓದುವಾಗ ಆಕೆ ಒಂದು ಕಡೆ ತಡೆದರು. ನಾನು ‘ಎಲ್ಲ ಕಾಳೂ ಒಣಗುತ್ತದೆ’ ಎಂದು ಬರೆದಿದ್ದೆ. ‘ಸರ್, ತೊಗರಿ ಮಾತ್ರ ಎನ್ನಿ. ಕಡಲೆಯನ್ನು ಇನ್ನೂ ಒಂದೇ ಸಲ ಹಾಕಿ ನೋಡಿದ್ದೇನೆ’ ಎಂದರು. ನಾನು ಆ ವಾಕ್ಯವನ್ನು ಹೊಡೆದುಹಾಕಿದೆ.

ಮರುದಿನ ಪಿಚ್ ಮುಗಿದಾಗ ಮೊದಲು ಕೈ ಎತ್ತಿದವನು ಹಿಂದಿನ ಸಾಲಿನ ಒಬ್ಬ ಹುಡುಗ. ಮೊದಲ ಯಂತ್ರ ಏಕೆ ವಾಪಸ್ ಬಂತು ಎಂದು ಕೇಳಿದ. ಆಕೆ ಕೆಳಪದರ, ಮೇಲ್ಪದರ, ನುಚ್ಚು ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದಂತೆ ಮುಂದಿನ ಸಾಲಿನ ಒಬ್ಬರು ಹಾಳೆ ತೆಗೆದು ಬರೆದುಕೊಳ್ಳತೊಡಗಿದರು. ಆಮೇಲೆ ಬಂದ ಪ್ರಶ್ನೆ ಕಡಲೆಯದೇ. ಒಂದು ಸಲ ಹಾಕಿ ನೋಡಿದ್ದೇನೆ, ಇನ್ನೂ ಹತ್ತು ಸಲ ನೋಡಬೇಕು, ಅದಕ್ಕೆ ಎರಡು ತಿಂಗಳು ಬೇಕು ಎಂದು ಆಕೆ ಉತ್ತರಿಸಿದರು. ಈ ಸಲ ಯಾರ ಮಾತನ್ನೂ ತಿದ್ದುವ ಕೆಲಸ ಅವರಿಗಿರಲಿಲ್ಲ.